ಐದು ಪ್ಯಾರಾಗಳ ವಾದ ಪ್ರಬಂಧ: ಜಾಲತಾಣ ಮತ್ತು ಹದಿಹರೆಯದ ಬಗ್ಗೆ ಬರೆಯುವ ಬಗೆ

ಮಳೆಗಾಲದಲ್ಲಿ ಶಾಲೆಗೆ ರಜೆ ಘೋಷಿಸಿದಾಗ ಮಕ್ಕಳ ಕೈಗೊಂದು ಪ್ರಬಂಧದ ವಿಷಯ ಕೊಟ್ಟು ಕಳುಹಿಸುವುದು ಮಲೆನಾಡಿನ ಮೇಷ್ಟ್ರುಗಳ ಹಳೆಯ ಚಾಳಿ. ತೀರ್ಥಹಳ್ಳಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನೂ ಆ ಚಾಳಿಯವನೇ. ಕಳೆದ ಮಳೆಗಾಲದಲ್ಲಿ ಒಂಬತ್ತನೇ ತರಗತಿಗೆ ಕೊಟ್ಟ ವಿಷಯ 'ಸಾಮಾಜಿಕ ಜಾಲತಾಣ ಮತ್ತು ಹದಿಹರೆಯದವರು'. ಐದು ಪ್ಯಾರಾ, ಎರಡು ಪುಟ, ವಾದ ಪ್ರಬಂಧ. ರಜೆ ಮುಗಿದು ಮೇಜಿನ ಮೇಲೆ ಬಿದ್ದ ಪುಸ್ತಕಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು. ಮೊದಲ ಸಾಲು 'ಇಂದಿನ ಆಧುನಿಕ ಯುಗದಲ್ಲಿ', ಕೊನೆಯ ಸಾಲು 'ಅತಿಯಾದರೆ ಅಮೃತವೂ ವಿಷ'. ನಡುವೆ ಅನುಕೂಲಗಳ ಒಂದು ಪಟ್ಟಿ, ಅನಾನುಕೂಲಗಳ ಒಂದು ಪಟ್ಟಿ.

ಇದರಲ್ಲಿ ಮಕ್ಕಳ ತಪ್ಪಿಗಿಂತ ನಮ್ಮ ತಪ್ಪೇ ಹೆಚ್ಚು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ನಾವು ವರ್ಷವಿಡೀ ಕಲಿಸುವ ಚೌಕಟ್ಟು ವಿವರಿಸುವುದಕ್ಕೆ ತಕ್ಕದ್ದು. ಗ್ರಂಥಾಲಯಗಳ ಮಹತ್ವದ ಬಗ್ಗೆ ಬರೆಯುವವನಿಗೆ ಎದುರಾಡುವವರು ಯಾರೂ ಇರುವುದಿಲ್ಲ. ವಾದ ಪ್ರಬಂಧ ಹಾಗಲ್ಲ; ಅಲ್ಲಿ ಎದುರಿಗೊಬ್ಬ ಕುಳಿತೇ ಇರುತ್ತಾನೆ. ತಾಳಮದ್ದಳೆ ನೋಡಿದ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರಾಗಿ ಕುಳಿತ ಇಬ್ಬರು ಅರ್ಥಧಾರಿಗಳ ಮಾತೇ ಅಲ್ಲಿ ಎಲ್ಲವೂ. ಎದುರಿನವನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅದರ ತೂಕವನ್ನು ಒಪ್ಪಿ, ಆಮೇಲೆ ಎಳೆ ಬಿಡಿಸುವವನಿಗೆ ಸಭೆ ತಲೆದೂಗುತ್ತದೆ. ತನ್ನದನ್ನೇ ಹೇಳಿಕೊಂಡು ಹೋಗುವವನ ಮುಂದೆ ಆಕಳಿಸುತ್ತದೆ.

ಐದು ಪ್ಯಾರಾಗಳ ಹಂಚಿಕೆ ಇಷ್ಟೇ. ಮೊದಲನೆಯದರಲ್ಲಿ ನಿಮ್ಮ ನಿಲುವು. ಎರಡು ಮತ್ತು ಮೂರರಲ್ಲಿ ತಲಾ ಒಂದು ಕಾರಣ, ಅದರ ಆಧಾರದೊಂದಿಗೆ. ನಾಲ್ಕರಲ್ಲಿ ಎದುರಿನವನ ಮಾತು ಮತ್ತು ನಿಮ್ಮ ಉತ್ತರ. ಐದರಲ್ಲಿ, ನಿಮ್ಮ ಮಾತನ್ನು ಒಪ್ಪಿದರೆ ಮುಂದೇನು ಎಂಬುದು. ಕೆಲವರು ನಡುವಿನ ಮೂರನ್ನೂ ಕಾರಣಗಳಿಗೇ ಕೊಟ್ಟು, ಪ್ರತಿವಾದವನ್ನು ಒಂದೆರಡು ಸಾಲಿನಲ್ಲಿ ತುರುಕುವುದನ್ನು ಕಲಿಸುತ್ತಾರೆ. ಬೇರೆ ವಿಷಯಕ್ಕೆ ಅದು ಆದೀತು. ಜಾಲತಾಣದ ವಿಷಯಕ್ಕೆ ಆಗದು. ಓದುವ ಮೇಷ್ಟ್ರು, ಮನೆಯ ಅಪ್ಪ ಅಮ್ಮ, ಎಲ್ಲರಿಗೂ ಈ ಬಗ್ಗೆ ಮೊದಲೇ ಒಂದು ಗಟ್ಟಿ ಅಭಿಪ್ರಾಯವಿರುತ್ತದೆ. ಅದನ್ನು ಮುಟ್ಟದೆ ಮುಂದೆ ಹೋದರೆ ಮೂರನೇ ಕಾರಣವಲ್ಲ, ಹತ್ತನೆಯ ಕಾರಣವೂ ಅವರ ಕಿವಿಗೆ ಬೀಳುವುದಿಲ್ಲ.

ಪುಸ್ತಕಗಳ ಆ ರಾಶಿಯಲ್ಲಿ ಆಗುಂಬೆ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿಯ ಪ್ರಬಂಧವೂ ಇತ್ತು. ಅವಳು ಅದನ್ನು ನಾಲ್ಕು ಬಾರಿ ತಿದ್ದಿದಳು. ಅವಳ ಒಪ್ಪಿಗೆ ಪಡೆದು, ಆ ತಿದ್ದುಪಡಿಗಳನ್ನೇ ಹಿಡಿದು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ಗಮನಿಸಿ, ಬರೆಯುವ ಕ್ರಮ ಬೇರೆ, ಓದುವ ಕ್ರಮ ಬೇರೆ. ಮೊದಲು ನಿಲುವಿನ ಒಂದು ವಾಕ್ಯ, ಆಮೇಲೆ ನಾಲ್ಕನೇ ಪ್ಯಾರಾ, ಆಮೇಲೆ ಎರಡು ಮತ್ತು ಮೂರು, ನಂತರ ಮೊದಲನೆಯದು, ಕೊನೆಗೆ ಐದು.

ಮೊದಲ ಹಂತ: ಒಂದು ವಾಕ್ಯದ ನಿಲುವು

ಅವಳ ಮೊದಲ ಪ್ರತಿಯಲ್ಲಿದ್ದ ನಿಲುವು: 'ಸಾಮಾಜಿಕ ಜಾಲತಾಣದಿಂದ ಹದಿಹರೆಯದವರಿಗೆ ಒಳಿತೂ ಇದೆ, ಕೆಡುಕೂ ಇದೆ.' ಇದನ್ನು ಅಲ್ಲ ಎನ್ನುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ಇಲ್ಲ ಎಂದಳು. ಹಾಗಿದ್ದರೆ ವಾದಿಸುವುದು ಯಾರ ಜೊತೆ?

ಎರಡನೆಯ ಬಾರಿ ಬರೆದುಕೊಂಡು ಬಂದದ್ದು: 'ಹದಿಹರೆಯದವರು ಜಾಲತಾಣವನ್ನು ಮಿತವಾಗಿ ಬಳಸಬೇಕು.' ನೋಡಲು ನಿಲುವಿನಂತೆಯೇ ಇದೆ, ಬೇಕು ಎಂಬ ಕ್ರಿಯಾಪದವೂ ಇದೆ. ಆದರೆ ಮಿತಿಮೀರಿ ಬಳಸಬೇಕು ಎಂದು ವಾದಿಸುವವರನ್ನು ನಾನಂತೂ ಕಂಡಿಲ್ಲ. ಇಡೀ ತಾಲ್ಲೂಕೇ ಒಪ್ಪುವ ಮಾತು ಉಪದೇಶವಾದೀತು, ನಿಲುವಾಗದು.

ಮೂರನೆಯದು: 'ಹದಿಹರೆಯದವರಿಗೆ ಜಾಲತಾಣವನ್ನು ನಿಷೇಧಿಸಬೇಕು.' ಈಗ ಎದುರಾಳಿ ಸಿಕ್ಕ. ಆದರೆ ವಾಕ್ಯ ತೀರಾ ಅಗಲ. ಹದಿಹರೆಯ ಎಂದರೆ ಹದಿಮೂರೋ, ಹತ್ತೊಂಬತ್ತೋ? ನಿಷೇಧಿಸುವವರು ಸರ್ಕಾರವೋ, ಶಾಲೆಯೋ, ಅಪ್ಪನೋ? ಮಳೆಗೆ ರಜೆ ಎಂಬ ಸುದ್ದಿ ಬರುವ ತರಗತಿಯ ವಾಟ್ಸ್ಆ್ಯಪ್ ಗುಂಪಿನ ಗತಿ ಏನು? ಇಷ್ಟು ಅಗಲದ ಮಾತನ್ನು ಎರಡು ಪುಟದಲ್ಲಿ ಸಮರ್ಥಿಸಲು ಹೋದರೆ ಪ್ರತಿ ಪ್ಯಾರಾವೂ ತೇಲಿಸಿಕೊಂಡು ಹೋಗುತ್ತದೆ.

ಆಗ ಅವಳೇ ಒಂದು ಮಾತು ಹೇಳಿದಳು. "ಸರ್, ನನಗೆ ನಿಜವಾಗಿ ಅನ್ನಿಸುವುದು ಅದಲ್ಲ. ನಮ್ಮ ಕಡೆ ಒಬ್ಬಳಿಗೆ ಯಾರೋ ಗೊತ್ತಿಲ್ಲದವನು ಅವಳದೇ ಫೋಟೊ ಕಳುಹಿಸಿ ಹೆದರಿಸಿದ. ಮನೆಯಲ್ಲಿ ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ ಎಂದು ಅವಳು ತಿಂಗಳುಗಟ್ಟಲೆ ಯಾರಿಗೂ ಹೇಳಲಿಲ್ಲ."

"ಅದನ್ನೇ ಬರೆಯಬೇಕಲ್ಲಮ್ಮಾ," ಎಂದೆ.

ನಾಲ್ಕನೆಯ ಬಾರಿಗೆ ನಿಲುವು ಹೀಗೆ ನಿಂತಿತು: 'ಹದಿಹರೆಯದವರಿಗೆ ಜಾಲತಾಣವನ್ನು ನಿಷೇಧಿಸುವ ಬದಲು, ಖಾತೆಯನ್ನು ಖಾಸಗಿಯಾಗಿಸುವುದನ್ನೂ ಅಪರಿಚಿತರನ್ನು ಬ್ಲಾಕ್ ಮಾಡಿ ದೂರು ಕೊಡುವುದನ್ನೂ ಎಂಟನೇ ತರಗತಿಯಲ್ಲೇ ಶಾಲೆ ಕಲಿಸಬೇಕು, ಏಕೆಂದರೆ ಮಕ್ಕಳು ಈಗಾಗಲೇ ಅಲ್ಲಿದ್ದಾರೆ, ಮತ್ತು ನಿಷೇಧವು ಅವರ ಬಾಯನ್ನು ಮುಚ್ಚಿಸುತ್ತದೆ.'

ಈ ಉದ್ದದ ವಾಕ್ಯವನ್ನು ಬಿಡಿಸಿ ನೋಡಿ. 'ನಿಷೇಧಿಸುವ ಬದಲು' ಎಂಬಲ್ಲಿ ಎದುರಾಳಿ ಇದ್ದಾನೆ. ಅವನು ನಾಲ್ಕನೇ ಪ್ಯಾರಾಕ್ಕೆ ಬರುತ್ತಾನೆ. 'ಶಾಲೆ', 'ಎಂಟನೇ ತರಗತಿ' ಎಂಬಲ್ಲಿ ಯಾರು, ಯಾವಾಗ ಎಂಬುದಿದೆ. ಅದು ಐದನೆಯದಕ್ಕೆ ಒದಗುತ್ತದೆ. 'ಏಕೆಂದರೆ' ಆದ ಮೇಲೆ ಎರಡು ಕಾರಣಗಳಿವೆ. ಅವು ಎರಡು ಮತ್ತು ಮೂರು. ಅಡಿಕೆ ಚಪ್ಪರಕ್ಕೆ ಮೊದಲು ಕಂಬ ನೆಡುವಂತೆ, ಇಡೀ ಪ್ರಬಂಧ ಈ ಒಂದು ವಾಕ್ಯದ ಮೇಲೆ ನಿಲ್ಲುತ್ತದೆ. 'ಏಕೆಂದರೆ' ಸೇರಿಸಲು ಸಾಧ್ಯವಾಗದ ನಿಲುವನ್ನು ಅಲ್ಲೇ ಬಿಟ್ಟು ಬೇರೆಯದನ್ನು ಹುಡುಕಿ.

ಎರಡನೇ ಹಂತ: ನಾಲ್ಕನೇ ಪ್ಯಾರಾ, ಅಂದರೆ ಎದುರಿನವನ ಮಾತು

ಇದನ್ನು ಮೊದಲೇ ಬರೆಯಿರಿ ಎಂದರೆ ಮಕ್ಕಳು ಹುಬ್ಬೇರಿಸುತ್ತಾರೆ. ಕಾರಣ ಸರಳ. ಎದುರಾಳಿಯ ಬಲ ಎಷ್ಟೆಂದು ಗೊತ್ತಾಗದೆ ನಿಮ್ಮ ಕಾರಣಗಳಿಗೆ ಎಷ್ಟು ಗಟ್ಟಿಯ ಆಧಾರ ಬೇಕು ಎಂಬುದು ತಿಳಿಯುವುದಿಲ್ಲ. ಕೊನೆಗೆ ಉಳಿಸಿಕೊಂಡರೆ ಜಾಗವೂ ಉಳಿಯುವುದಿಲ್ಲ, ಹುಮ್ಮಸ್ಸೂ ಉಳಿಯುವುದಿಲ್ಲ.

ಹುಡುಗಿ ಮೊದಲು ಬರೆದದ್ದು: 'ಕೆಲವರು ಜಾಲತಾಣವನ್ನು ನಿಷೇಧಿಸಬೇಕು ಎನ್ನುತ್ತಾರೆ. ಆದರೆ ಅದು ಸರಿಯಲ್ಲ.' ಇದು ಒಣಹುಲ್ಲಿನ ಗೊಂಬೆಗೆ ಕಲ್ಲು ಹೊಡೆದಂತೆ. ಆ ಕೆಲವರು ಯಾರು? ಅವರ ಕೈಯಲ್ಲಿ ಏನಿದೆ?

ಅವರ ಕೈಯಲ್ಲಿ ಬೇಕಾದಷ್ಟಿದೆ. ಆಸ್ಟ್ರೇಲಿಯಾದ ಸಂಸತ್ತು 2024ರ ನವೆಂಬರ್‌ನಲ್ಲಿ ಕಾನೂನೊಂದನ್ನು ಅಂಗೀಕರಿಸಿತು. ಹದಿನಾರು ವರ್ಷದೊಳಗಿನವರು ಅಲ್ಲಿನ ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ. 2025ರ ಡಿಸೆಂಬರ್ 10ರಿಂದ ಅದು ಜಾರಿಯಲ್ಲಿದೆ. ತಪ್ಪಿದರೆ ಶಿಕ್ಷೆ ಮಕ್ಕಳಿಗಲ್ಲ, ಹೆತ್ತವರಿಗೂ ಅಲ್ಲ, ಕಂಪನಿಗಳಿಗೆ. ದಂಡ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ನಿಷೇಧದ ಪರವಾಗಿ ಇದಕ್ಕಿಂತ ಬಲವಾದ ಉದಾಹರಣೆ ಹುಡುಕುವುದು ಕಷ್ಟ, ಆದ್ದರಿಂದಲೇ ಇದನ್ನು ಆಯ್ದುಕೊಳ್ಳಬೇಕು.

ಇನ್ನೊಂದು ಆಧಾರ ಅಮೆರಿಕದ್ದು. ಸಾರ್ವಜನಿಕ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಕೊಡುವ ಸರ್ಕಾರಿ ವೈದ್ಯರನ್ನು ಅಲ್ಲಿ ಸರ್ಜನ್ ಜನರಲ್ ಎನ್ನುತ್ತಾರೆ. ಆ ಹುದ್ದೆಯಲ್ಲಿದ್ದ ವಿವೇಕ್ ಮೂರ್ತಿ 2023ರಲ್ಲಿ ಜಾಲತಾಣ ಮತ್ತು ಎಳೆಯರ ಮಾನಸಿಕ ಆರೋಗ್ಯದ ಬಗ್ಗೆ ಎಚ್ಚರಿಕೆಯ ಪ್ರಕಟಣೆ ಹೊರಡಿಸಿದರು. ಇವರ ಕುಟುಂಬದ ಬೇರು ಮಂಡ್ಯ ಜಿಲ್ಲೆಯ ಹಲ್ಲೇಗೆರೆಯಲ್ಲಿದೆ ಎಂದಾಗ ತರಗತಿಯಲ್ಲಿ ಕಿವಿಗಳು ನೆಟ್ಟಗಾಗುತ್ತವೆ. ಪ್ರಬಂಧಕ್ಕೆ ಆ ಮಾಹಿತಿ ಬೇಡ, ನನ್ನ ಪಾಠಕ್ಕೆ ಬೇಕು. ಆ ಪ್ರಕಟಣೆ ಉಲ್ಲೇಖಿಸಿದ ಅಧ್ಯಯನವೊಂದರ ಪ್ರಕಾರ, ದಿನಕ್ಕೆ 3 ಗಂಟೆಗಿಂತ ಹೆಚ್ಚು ಹೊತ್ತು ಜಾಲತಾಣದಲ್ಲಿ ಕಳೆಯುವ 12ರಿಂದ 15 ವರ್ಷದ ಮಕ್ಕಳಲ್ಲಿ ಖಿನ್ನತೆ, ಆತಂಕದಂಥ ಲಕ್ಷಣಗಳ ಅಪಾಯ ಇಮ್ಮಡಿ.

ನಮ್ಮ ಹುಡುಗಿ ಈ ಅಂಕಿಯನ್ನು ಎಲ್ಲಿಂದಲೋ ಹೆಕ್ಕಿ ತಂದು ಎರಡನೇ ಪ್ಯಾರಾದಲ್ಲಿ, ತನ್ನ ಪರವಾಗಿಯೇ ಎಂಬಂತೆ ಇಟ್ಟಿದ್ದಳು. ಅದನ್ನು ಓದಿದವರು 'ಹಾಗಾದರೆ ನಿಷೇಧವೇ ಸರಿಯಲ್ಲವೇ?' ಎಂದು ಕೇಳದೆ ಬಿಡುವುದಿಲ್ಲ. ಸಿಕ್ಕಿದ ಪ್ರತಿ ಆಧಾರವನ್ನೂ 'ಇದು ಯಾರ ಕಡೆಯ ಸಾಕ್ಷಿ?' ಎಂದು ಕೇಳಿ. ಎದುರಿನವನ ಸಾಕ್ಷಿಯಾದರೆ ನಾಲ್ಕನೇ ಪ್ಯಾರಾಕ್ಕೆ ಕಳುಹಿಸಿ. ಬಚ್ಚಿಡಬೇಡಿ, ಓದುಗರಿಗೆ ಅದು ಬೇರೆ ಕಡೆ ಸಿಕ್ಕಿದರೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ.

ಅಪಾಯ ಇಮ್ಮಡಿ ಎಂಬುದನ್ನು ಅವಳು 'ಜಾಲತಾಣದಿಂದ ಖಿನ್ನತೆ ಬರುತ್ತದೆ' ಎಂದು ಬರೆದಿದ್ದಳು. ಇವೆರಡು ಒಂದೇ ಅಲ್ಲ. ಎರಡು ಸಂಗತಿಗಳು ಜೊತೆಯಾಗಿ ಕಂಡವು ಎಂದಷ್ಟೇ ಹೇಳುವುದಕ್ಕೂ, ಒಂದು ಇನ್ನೊಂದನ್ನು ಉಂಟುಮಾಡಿತು ಎನ್ನುವುದಕ್ಕೂ ಬಹಳ ದೂರವಿದೆ. ಮನಸ್ಸಿಗೆ ಬೇಸರವಿರುವ ಮಗುವೇ ಹೆಚ್ಚು ಹೊತ್ತು ಫೋನ್ ಹಿಡಿಯಬಹುದು. ಆ ಅಧ್ಯಯನ ಮಕ್ಕಳ ಮೊದಲಿನ ಮನಃಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು ಎಂಬುದು ನಿಜ. ಆದರೂ ಅದು ಅಮೆರಿಕದ ಮಕ್ಕಳದು, 3 ಗಂಟೆ ಮೀರಿದವರದು. 'ಅಪಾಯ ಹೆಚ್ಚು ಕಂಡುಬಂದಿದೆ' ಎಂದು ಬರೆದರೆ ಮಾತು ಎಲ್ಲಿಯವರೆಗೆ ನಿಲ್ಲುತ್ತದೋ ಅಲ್ಲಿಯವರೆಗೆ ಮಾತ್ರ ಹೋದಂತಾಗುತ್ತದೆ.

ಇನ್ನು ಉತ್ತರ. ಎದುರಿನವನ ಮಾತನ್ನು ಪೂರ್ತಿ ಸುಳ್ಳು ಮಾಡುವ ಹಟ ಬೇಡ. ಯಾವ ಭಾಗ ಒಪ್ಪುತ್ತೀರಿ, ಎಲ್ಲಿ ದಾರಿ ಕವಲೊಡೆಯುತ್ತದೆ ಎಂದು ತೋರಿಸಿದರೆ ಸಾಕು. ಹುಡುಗಿ ಕವಲನ್ನು ಕಂಡದ್ದು ತನ್ನ ಮನೆಯಲ್ಲೇ. ಅಲ್ಲಿ ಫೋನ್ ಇರುವುದು ಒಂದು, ಅದು ಅಪ್ಪನದು, ಖಾತೆಯೂ ಅಪ್ಪನ ಹೆಸರಿನಲ್ಲಿ. ವಯಸ್ಸು ಪರೀಕ್ಷಿಸುವ ಕಂಪನಿಯ ಕಣ್ಣಿಗೆ ಕಾಣುವುದು ನಲವತ್ತೈದರ ಗಂಡಸು. ಬಳಸುತ್ತಿರುವುದು ಹದಿನಾಲ್ಕರ ಮಗಳು. ಒಂದು ಮನೆಯ ಕತೆ ಆಧಾರವಾಗುವುದಿಲ್ಲ ಎಂದು ಅವಳಿಗೆ ಹೇಳಿ, ಪ್ರಥಮ್ ಸಂಸ್ಥೆ ದೇಶದ ಹಳ್ಳಿಗಳ ಮನೆಗಳಲ್ಲಿ ನಡೆಸುವ ಅಸರ್ ಸಮೀಕ್ಷೆಯನ್ನು ತೋರಿಸಿದೆ. 2024ರ ಸಮೀಕ್ಷೆಯಲ್ಲಿ, ಸ್ಮಾರ್ಟ್‌ಫೋನ್ ಬಳಸಲು ಬಲ್ಲ 16 ವರ್ಷದವರಲ್ಲಿ ಕೂಡ ಸ್ವಂತ ಫೋನ್ ಇದ್ದದ್ದು ನೂರಕ್ಕೆ 38ರಷ್ಟು ಮಂದಿಗೆ ಮಾತ್ರ. ಉಳಿದವರು ಮನೆಯವರ ಫೋನ್ ಹಿಡಿಯುವವರು.

ಕೊನೆಗೆ ನಾಲ್ಕನೇ ಪ್ಯಾರಾ ಹೀಗಾಯಿತು:

'ಕಾನೂನಿನಿಂದಲೇ ಮಕ್ಕಳನ್ನು ದೂರವಿಡಬಹುದು ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ಆಸ್ಟ್ರೇಲಿಯಾ ಹದಿನಾರು ವರ್ಷದೊಳಗಿನವರ ಖಾತೆಗಳನ್ನು 2025ರ ಡಿಸೆಂಬರ್‌ನಿಂದ ನಿಷೇಧಿಸಿದೆ. ದಿನಕ್ಕೆ ಮೂರು ಗಂಟೆ ಮೀರಿ ಜಾಲತಾಣದಲ್ಲಿರುವ ಅಮೆರಿಕದ ಮಕ್ಕಳಲ್ಲಿ ಖಿನ್ನತೆಯ ಅಪಾಯ ಹೆಚ್ಚು ಕಂಡುಬಂದಿದೆ. ಈ ಕಾಳಜಿಯನ್ನು ನಾನು ಒಪ್ಪುತ್ತೇನೆ. ಆದರೆ ಆ ಕಾನೂನು ಒಬ್ಬರಿಗೊಂದು ಖಾತೆ ಇದೆ ಎಂದು ನಂಬಿಕೊಂಡಿದೆ. ನಮ್ಮ ಹಳ್ಳಿಗಳಲ್ಲಿ ಫೋನ್ ಬಳಸಬಲ್ಲ ಹದಿನಾರರ ನೂರು ಮಕ್ಕಳಲ್ಲಿ ಸ್ವಂತ ಫೋನ್ ಇರುವವರು ಸುಮಾರು 38 ಮಂದಿ. ಉಳಿದವರು ಅಪ್ಪ ಅಮ್ಮನ ಖಾತೆಯ ಹಿಂದೆ ಕುಳಿತಿದ್ದಾರೆ. ಕಾನೂನಿಗೆ ಅವರು ಕಾಣುವುದೇ ಇಲ್ಲ. ಕಾಣದವರನ್ನು ಹೊರಗಿಡಲು ಆಗುವುದಿಲ್ಲ, ಆದರೆ ಅವರಿಗೆ ಕಲಿಸಲು ಆಗುತ್ತದೆ.'

ಇಲ್ಲಿ 'ಈ ಕಾಳಜಿಯನ್ನು ನಾನು ಒಪ್ಪುತ್ತೇನೆ' ಎಂಬ ಸಾಲಿಗೆ ನಾನು ಅರ್ಧ ಅಂಕ ಹೆಚ್ಚು ಕೊಟ್ಟೆ. ಆ ಒಪ್ಪಿಗೆಯ ನಂತರ ಬರುವ 'ಆದರೆ'ಗೆ ಬರುವ ತೂಕ ಬೇರೆ.

ಮೂರನೇ ಹಂತ: ಎರಡು ಮತ್ತು ಮೂರನೇ ಪ್ಯಾರಾ

ಕಾರಣದ ಪ್ಯಾರಾದಲ್ಲಿ ಮೂರು ಕೆಲಸಗಳು ನಡೆಯಬೇಕು. ಮೊದಲ ವಾಕ್ಯದಲ್ಲಿ ಕಾರಣ, ಆಮೇಲೆ ಆಧಾರ, ಆಮೇಲೆ ಆ ಆಧಾರದಿಂದ ನಿಲುವಿಗೆ ಹಾಕುವ ಸಂಕ. ಮಲೆನಾಡಿನ ಮಕ್ಕಳಿಗೆ ಸಂಕ ಎಂದರೆ ಸಾಕು, ಅರ್ಥವಾಗುತ್ತದೆ. ಹಳ್ಳ ತುಂಬಿ ಹರಿಯುವಾಗ ಅದಿಲ್ಲದೆ ಆಚೆ ದಡ ಸಿಗದು. ಹೆಚ್ಚಿನವರು ಅಂಕಿಯನ್ನು ಹೇಳಿ ಈಚೆ ದಡದಲ್ಲೇ ನಿಂತುಬಿಡುತ್ತಾರೆ.

ಎರಡನೇ ಪ್ಯಾರಾದ ಕಾರಣ: ಮಕ್ಕಳು ಈಗಾಗಲೇ ಅಲ್ಲಿದ್ದಾರೆ. ಅದೇ ಅಸರ್ 2024ರ ಪ್ರಕಾರ, ಹಳ್ಳಿಗಾಡಿನ 14ರಿಂದ 16 ವರ್ಷದವರಲ್ಲಿ 82.2% ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಾಗೆ ಬರುವವರಲ್ಲಿ 76% ಮಂದಿ ಹಿಂದಿನ ವಾರ ಜಾಲತಾಣ ಬಳಸಿದ್ದರು. ಹುಡುಗಿ ಇದನ್ನು 'ದೇಶದ 76% ಮಕ್ಕಳು ಜಾಲತಾಣ ಬಳಸುತ್ತಾರೆ' ಎಂದು ಬರೆದಳು. ಒಂದೇ ವಾಕ್ಯದಲ್ಲಿ ಎರಡು ಜಾರುವಿಕೆ. ಸಮೀಕ್ಷೆ ಇಡೀ ದೇಶದ್ದಲ್ಲ, ಹಳ್ಳಿಗಳದ್ದು. 76 ಎಂಬುದು ಎಲ್ಲ ಮಕ್ಕಳಲ್ಲಿ ಅಲ್ಲ, ಫೋನ್ ಬಳಸಲು ಬಲ್ಲವರಲ್ಲಿ.

ಕಪ್ಪು ಹಲಗೆಯ ಮೇಲೆ ನೂರು ಮಕ್ಕಳನ್ನು ಊಹಿಸಿಕೊಂಡೆವು. ಅವರಲ್ಲಿ ಫೋನ್ ಬಳಸಲು ಬಲ್ಲವರು 82. ಈ 82ರಲ್ಲಿ ನೂರಕ್ಕೆ 76 ಎಂದರೆ ಸುಮಾರು 62. ಅಂದರೆ ನೂರು ಮಕ್ಕಳಲ್ಲಿ ಆ ವಾರ ಜಾಲತಾಣಕ್ಕೆ ಹೋದವರು 62 ಮಂದಿ. ಅಂಕಿ ಸಣ್ಣದಾಯಿತು ಎಂದು ಅವಳ ಮುಖ ಸಪ್ಪಗಾಯಿತು. ಆದರೆ ವಾದ ಸಣ್ಣದಾಗಲಿಲ್ಲ. ಶೇಕಡಾ ಎಂಬ ಪದ ಕಂಡಾಗಲೆಲ್ಲ 'ಯಾರಲ್ಲಿ ಶೇಕಡಾ?' ಎಂದು ಕೇಳುವುದನ್ನು ಅವಳು ಅಂದಿನಿಂದ ರೂಢಿ ಮಾಡಿಕೊಂಡಿದ್ದಾಳೆ. ಈಗ ನನ್ನ ಪಾಠದಲ್ಲೇ ಕೇಳಿ ಪೇಚಿಗೆ ಸಿಲುಕಿಸುತ್ತಾಳೆ.

ಅಂಕಿಯೇನೋ ಸಿಕ್ಕಿತು. ಆದರೆ 62 ಮಂದಿ ಜಾಲತಾಣಕ್ಕೆ ಹೋದರು ಎಂಬುದರಿಂದ 'ಶಾಲೆ ಕಲಿಸಬೇಕು' ಎಂಬಲ್ಲಿಗೆ ಹೇಗೆ ದಾಟುವುದು? ಅವರಿಗೆ ಕಲಿಸುವ ಅಗತ್ಯವಿದೆ ಎಂದು ತೋರಿಸಬೇಕು. ಅದೇ ಸಮೀಕ್ಷೆ, ಜಾಲತಾಣ ಬಳಸಿದ ಮಕ್ಕಳಲ್ಲಿ ತಮ್ಮ ಪ್ರೊಫೈಲನ್ನು ಖಾಸಗಿಯಾಗಿಸುವುದು ಗೊತ್ತಿದ್ದವರು 55.2% ಎನ್ನುತ್ತದೆ. ಇದನ್ನು ತಿರುಗಿಸಿ ಓದಿದರೆ ನೂರಕ್ಕೆ ಸುಮಾರು 45 ಮಂದಿಗೆ ಗೊತ್ತಿಲ್ಲ. ಅಂಕಿಯನ್ನು ಹೀಗೆ ತಿರುಗಿಸುವುದು ಮೋಸವಲ್ಲ, ಮೂಲ ಅಂಕಿಯೂ ಓದುಗನ ಕಣ್ಣಮುಂದೆ ಇರುವವರೆಗೆ.

'ಮಕ್ಕಳನ್ನು ಜಾಲತಾಣಕ್ಕೆ ಹೋಗದಂತೆ ತಡೆಯುವ ಕಾಲ ದಾಟಿದೆ. ಅಸರ್ 2024ರ ಸಮೀಕ್ಷೆಯಂತೆ, ಹಳ್ಳಿಗಳ 14ರಿಂದ 16 ವರ್ಷದ ನೂರು ಮಕ್ಕಳಲ್ಲಿ ಸುಮಾರು 62 ಮಂದಿ ಹಿಂದಿನ ಒಂದು ವಾರದಲ್ಲಿ ಜಾಲತಾಣ ಬಳಸಿದ್ದರು. ಹೀಗೆ ಬಳಸಿದವರಲ್ಲಿ ಪ್ರೊಫೈಲನ್ನು ಖಾಸಗಿಯಾಗಿಸಲು ಬಲ್ಲವರು 55.2%, ಉಳಿದ 45ರಷ್ಟು ಮಂದಿಗೆ ಅದು ಗೊತ್ತಿಲ್ಲ. ಅಂದರೆ ಅವರು ಮನೆಯೊಳಗೆ ಇದ್ದಾರೆ, ಬಾಗಿಲಿಗೆ ಚಿಲಕ ಹಾಕಲು ಬಾರದು. ಅವರಿಗೆ ಈಗ ಬೇಕಾಗಿರುವುದು ಮನೆಯಿಂದ ಹೊರಹಾಕುವವರಲ್ಲ, ಚಿಲಕ ತೋರಿಸುವವರು.'

ಮೂರನೇ ಪ್ಯಾರಾ, ನಿಷೇಧ ಬಾಯಿ ಮುಚ್ಚಿಸುತ್ತದೆ ಎಂಬುದು, ಬೇರೆ ಜಾತಿಯದು. ಇದಕ್ಕೆ ಅಂಕಿ ಹುಡುಕಲು ಹೋದರೆ ಸುಳ್ಳು ಅಂಕಿಯೇ ಕೈಗೆ ಸಿಗುವುದು. 'ಅಧ್ಯಯನಗಳ ಪ್ರಕಾರ' ಎಂದು ಆರಂಭಿಸಿ ಅಧ್ಯಯನದ ಹೆಸರು ಹೇಳದ ವಾಕ್ಯಗಳು ಹುಟ್ಟುವುದು ಇಂಥ ಕಡೆಗಳಲ್ಲೇ. ಅವುಗಳ ಮೇಲೆ ನಾನು ಕೆಂಪು ಶಾಯಿಯಲ್ಲಿ 'ಯಾರದು?' ಎಂದು ಬರೆದು ಬಿಡುತ್ತೇನೆ. ಇಲ್ಲಿ ಆಧಾರ ತರ್ಕವೇ. ಒಂದು ಸನ್ನಿವೇಶವನ್ನು ಹಂತಹಂತವಾಗಿ ನಡೆಸಿ ತೋರಿಸಬೇಕು. ಹುಡುಗಿಯ ಕೈಯಲ್ಲಿ ಕಂಡದ್ದೊಂದು ಇತ್ತು. ಆದರೆ ಪುಟ್ಟ ಊರಿನಲ್ಲಿ 'ನಮ್ಮ ಪಕ್ಕದ ಮನೆಯ ಅಕ್ಕ' ಎಂದು ಬರೆದರೆ ಹೆಸರು ಬರೆದಂತೆಯೇ. ಊರು, ವಯಸ್ಸು, ನಂಟು ಎಲ್ಲ ತೆಗೆದು, ಯಾವ ಹುಡುಗಿಗೂ ಆಗಬಹುದಾದ ಘಟನೆಯಾಗಿ ಬರೆಸಿದೆ.

'ನಿಷೇಧದ ಭಯ ಮಕ್ಕಳನ್ನು ಕಾಯುವುದಿಲ್ಲ, ಮೂಕರನ್ನಾಗಿಸುತ್ತದೆ. ಅಪರಿಚಿತನೊಬ್ಬ ಹುಡುಗಿಯ ಫೋಟೊ ಕದ್ದು ಹೆದರಿಸಿದನೆಂದುಕೊಳ್ಳಿ. ಫೋನೇ ಮುಟ್ಟಬಾರದು ಎಂಬ ಮನೆಯಲ್ಲಿ ಅವಳು ಇದನ್ನು ಹೇಳಿದರೆ, ಮೊದಲು ಒಪ್ಪಿಕೊಳ್ಳಬೇಕಾದದ್ದು ತನ್ನ ತಪ್ಪನ್ನೇ. ಆದ್ದರಿಂದ ಅವಳು ಹೇಳುವುದಿಲ್ಲ. ಹೇಳದಿರುವುದರಿಂದ ಹೆದರಿಸುವವನ ಬಲ ಹೆಚ್ಚುತ್ತದೆ. ಇದೇ ಹುಡುಗಿಗೆ ತರಗತಿಯಲ್ಲಿ ಬ್ಲಾಕ್ ಮಾಡುವುದನ್ನು, ಮಕ್ಕಳ ಸಹಾಯವಾಣಿ 1098 ಮತ್ತು ಸೈಬರ್ ಅಪರಾಧದ ಸಹಾಯವಾಣಿ 1930ನ್ನು ಹೇಳಿಕೊಟ್ಟಿದ್ದರೆ, ಹೇಳಿಕೊಳ್ಳುವ ಮಾತಿಗೆ ಶಾಲೆಯೇ ಜಾಗ ಮಾಡಿಕೊಟ್ಟಂತಾಗುತ್ತಿತ್ತು.'

ಇಲ್ಲಿ ವಾಕ್ಯಗಳು ಒಂದನ್ನೊಂದು ತಳ್ಳುತ್ತಿವೆ: ಆದ್ದರಿಂದ ಹೇಳುವುದಿಲ್ಲ, ಹೇಳದಿರುವುದರಿಂದ ಬಲ ಹೆಚ್ಚುತ್ತದೆ. ನಿಮ್ಮ ಪ್ಯಾರಾದಲ್ಲಿ 'ಅಲ್ಲದೆ', 'ಹಾಗೆಯೇ', 'ಇದರ ಜೊತೆಗೆ' ಎಂಬ ಪದಗಳು ಎರಡಕ್ಕಿಂತ ಹೆಚ್ಚಿದ್ದರೆ ನೀವು ಪಟ್ಟಿ ಬರೆಯುತ್ತಿದ್ದೀರಿ ಎಂದೇ ಲೆಕ್ಕ. 'ಆದ್ದರಿಂದ', 'ಆದರೆ', 'ಹಾಗಿದ್ದರೂ' ಇದ್ದರೆ ವಾದ ನಡೆಯುತ್ತಿದೆ. ಪದಗಳನ್ನು ಬದಲಾಯಿಸಿದ ಮಾತ್ರಕ್ಕೆ ಪಟ್ಟಿ ವಾದವಾಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಕೆಲವು ಜಾಣರು ಹಾಗೆ ಮಾಡಿ ನೋಡಿದ್ದಾರೆ.

ನಾಲ್ಕನೇ ಹಂತ: ಮೊದಲ ಪ್ಯಾರಾ

ಈಗ ಪೀಠಿಕೆ. ಮೂರೋ ನಾಲ್ಕೋ ವಾಕ್ಯ ಸಾಕು, ಕೊನೆಯದು ನಿಲುವು. ಅದಕ್ಕೆ ಮೊದಲು ಓದುಗನನ್ನು ಆ ವಾಕ್ಯದ ಬಾಗಿಲವರೆಗೆ ಕರೆತರಬೇಕು. ಅಂತರಜಾಲ ಹುಟ್ಟಿದ ಕತೆಯಿಂದ ಶುರುಮಾಡಿದರೆ ಬಾಗಿಲಿಗೆ ಬರುವಷ್ಟರಲ್ಲಿ ಪುಟ ಮುಗಿಯುತ್ತದೆ. ಚಿಕ್ಕದೊಂದು ಚಿತ್ರದಿಂದ ತೊಡಗುವುದು ಲೇಸು:

'ಸಿಗ್ನಲ್ ಸಿಗಲೆಂದು ನಮ್ಮೂರಿನಲ್ಲಿ ಈಗಲೂ ಗುಡ್ಡ ಹತ್ತುತ್ತಾರೆ. ಹತ್ತಿದ ಮಗು ಅಲ್ಲಿ ಪಾಠದ ವಿಡಿಯೊ ನೋಡುತ್ತದೋ, ಅಪರಿಚಿತರ ಸಂದೇಶ ತೆರೆಯುತ್ತದೋ ಮನೆಯವರಿಗೆ ಗೊತ್ತಿಲ್ಲ. ಗೊತ್ತಿಲ್ಲದ ಭಯಕ್ಕೆ ಹಿರಿಯರು ಕೊಡುವ ಉತ್ತರ ಒಂದೇ, ಫೋನ್ ಕಿತ್ತುಕೊಳ್ಳುವುದು.' ಇದರ ಬೆನ್ನಿಗೆ ನಿಲುವಿನ ವಾಕ್ಯ.

ಇಲ್ಲಿ ಅಂಕಿ ಅಂಶ ಬೇಡ, ಅವುಗಳ ಜಾಗ ಮುಂದಿದೆ. 'ಈ ಪ್ರಬಂಧದಲ್ಲಿ ನಾನು ವಿವರಿಸಲಿರುವುದೇನೆಂದರೆ' ಎಂಬ ಡಂಗುರವೂ ಬೇಡ.

ಐದನೇ ಹಂತ: ಕೊನೆಯ ಪ್ಯಾರಾ

ಉಪಸಂಹಾರ ಎಂದೊಡನೆ ಹೇಳಿದ್ದನ್ನೇ ಮತ್ತೆ ಹೇಳುವ ರೂಢಿ ಇದೆ. ಎರಡು ಪುಟದ ಪ್ರಬಂಧದಲ್ಲಿ ಮೊದಲ ಪುಟವನ್ನು ಓದುಗ ಅಷ್ಟರಲ್ಲಿ ಮರೆತಿರುವುದಿಲ್ಲ. ಅದರ ಬದಲು, ನಿಮ್ಮ ನಿಲುವನ್ನು ಒಪ್ಪಿದವರು ನಾಳೆ ಬೆಳಿಗ್ಗೆ ಏನು ಮಾಡಬೇಕು ಎಂದು ಹೇಳಿ. ಹುಡುಗಿ ಬರೆದದ್ದು ಇಷ್ಟೇ: 'ಇದಕ್ಕೆ ಹೊಸ ಪಠ್ಯಪುಸ್ತಕ ಬೇಡ. ಎಂಟನೇ ತರಗತಿಯಲ್ಲಿ ವರ್ಷಕ್ಕೆ ನಾಲ್ಕು ಅವಧಿ ಸಾಕು: ಖಾತೆ ಖಾಸಗಿಯಾಗಿಸಲು ಒಂದು, ಬ್ಲಾಕ್ ಮತ್ತು ದೂರಿಗೆ ಒಂದು, ಪಾಸ್‌ವರ್ಡ್‌ಗೆ ಒಂದು, ಕೊನೆಯದಕ್ಕೆ ಅಪ್ಪ ಅಮ್ಮಂದಿರೂ ಬರಲಿ, ಖಾತೆ ಇರುವುದು ಅವರ ಹೆಸರಿನಲ್ಲೇ ತಾನೇ.' ಕೊನೆಯ ತುಂಡು ನಾಲ್ಕನೇ ಪ್ಯಾರಾದ ಹಂಚಿಕೊಂಡ ಫೋನಿಗೆ ಹೋಗಿ ಕೂಡಿಕೊಳ್ಳುತ್ತದೆ. ನಾಲ್ಕು ಅವಧಿಗೆ ಸಮಯ ಎಲ್ಲಿದೆ ಎಂದು ಸಹೋದ್ಯೋಗಿಯೊಬ್ಬರು ನನ್ನ ಮೇಲೆಯೇ ಹರಿಹಾಯ್ದರು. ಪ್ರಬಂಧ ಎದುರಾಳಿಯನ್ನು ಮುಟ್ಟಿದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ.

ಒಪ್ಪಿಸುವ ಮುನ್ನ

ಉದ್ದದ ಬಗ್ಗೆ ಮಕ್ಕಳು ಮತ್ತೆ ಮತ್ತೆ ಕೇಳುತ್ತಾರೆ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಇಂಗ್ಲಿಷ್ ಪ್ರಬಂಧದ ಪದಸಂಖ್ಯೆಯ ನಿಯಮ ನಮಗೆ ಹೊಂದುವುದಿಲ್ಲ. ಐದು ಪ್ಯಾರಾಕ್ಕೆ ಒಟ್ಟು 220ರಿಂದ 300 ಪದ ಸಾಕಷ್ಟಾಯಿತು. ಐದೂ ಸಮನಾಗಿ ಇರಬೇಕೆಂದಿಲ್ಲ. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದಿರಲಿ, ಮೊದಲನೆಯದೂ ಕೊನೆಯದೂ ಚಿಕ್ಕವಿರಲಿ.

ಪರೀಕ್ಷೆ ಒಂದೇ. ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು ಮಾತ್ರ ಬೇರೆ ಹಾಳೆಯಲ್ಲಿ ಬರೆದು, ಪ್ರಬಂಧ ಓದದ ಒಬ್ಬರಿಗೆ ಕೊಡಿ. ನೀವು ಏನು ಹೇಳುತ್ತಿದ್ದೀರಿ, ಯಾರಿಗೆ ಉತ್ತರಿಸುತ್ತಿದ್ದೀರಿ ಎಂದು ಅವರಿಗೆ ಹೊಳೆಯಬೇಕು. ಎರಡು ಮತ್ತು ಮೂರನೇ ವಾಕ್ಯಗಳನ್ನು ಅದಲುಬದಲು ಮಾಡಿದರೂ ಯಾವ ವ್ಯತ್ಯಾಸವೂ ಕಾಣದಿದ್ದರೆ ಕಾರಣಗಳ ನಡುವೆ ನಂಟಿಲ್ಲ ಎಂದರ್ಥ. ನಮ್ಮ ಹುಡುಗಿಯ ಹಾಳೆಯನ್ನು ಓದಿದ್ದು ಅವಳ ಅಜ್ಜಿ. ಮೂರನೇ ಸಾಲಿಗೆ ಬಂದು, "ಇದು ಯಾರಿಗೆ ಆದದ್ದು?" ಎಂದು ಕೇಳಿದರಂತೆ.

ಶೀರ್ಷಿಕೆಯನ್ನು ಎಲ್ಲ ಮುಗಿದ ಮೇಲೆ, ಪ್ರಬಂಧದೊಳಗಿನಿಂದಲೇ ಹೆಕ್ಕಿಕೊಳ್ಳಿ. ಅವಳು 'ಸಾಮಾಜಿಕ ಜಾಲತಾಣ ಮತ್ತು ಹದಿಹರೆಯದವರು' ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ 'ಚಿಲಕ ಹಾಕಲು ಬಾರದ ಮನೆ' ಎಂದು ಬರೆದು ಪುಸ್ತಕವನ್ನು ಮೇಜಿನ ಮೇಲಿಟ್ಟು ಬಸ್ಸಿಗೆ ಓಡಿದಳು.